ಮೂರು ಬಂಧ, ಮೂರು ಆಕಾರ: ಲೋನ್ ಪೇರ್ ಮರೆತ ಉತ್ತರಗಳನ್ನು ತಿದ್ದಿದ ನನ್ನ ಅನುಭವ

ಕಲಬುರಗಿಯ ಒಂದು ಪಿಯು ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಫಸ್ಟ್ ಪಿಯುಸಿಯಲ್ಲಿ ಕೆಮಿಕಲ್ ಬಾಂಡಿಂಗ್ ಪಾಠ ಮುಗಿದ ಮೇಲೆ ಒಂದು ಸಣ್ಣ ಟೆಸ್ಟ್ ಕೊಡುವುದು ನನ್ನ ರೂಢಿ. ಒಂದು ವರ್ಷ ಒಂದೇ ಪ್ರಶ್ನೆಯಲ್ಲಿ ಎರಡು ಅಣು ಕೇಳಿದ್ದೆ: BF₃ ಮತ್ತು NH₃. ಆಕಾರ ಬರೆಯಿರಿ, ಬಂಧ ಕೋನ ಬರೆಯಿರಿ, ಅಷ್ಟೇ.

ರಾತ್ರಿ ಪೇಪರ್ ತಿದ್ದಲು ಕೂತೆ. BF₃ ಎಲ್ಲರದೂ ಸರಿ ಇತ್ತು: ಸಮತಟ್ಟು ತ್ರಿಕೋನ, 120°. ಆದರೆ ಅದರ ಕೆಳಗೆ NH₃ಗೂ ಅದೇ ಚಿತ್ರ, ಅದೇ 120°. ಒಂದು ಪೇಪರ್ ಅಲ್ಲ, ಎರಡು ಅಲ್ಲ. ಚೆನ್ನಾಗಿ ಓದುವ ಮಕ್ಕಳೂ ಹಾಗೇ ಬರೆದಿದ್ದರು. ಮರುದಿನ ಅವರಲ್ಲಿ ಒಬ್ಬಳನ್ನು ಕರೆದು ಕೇಳಿದೆ, ಯಾಕವ್ವಾ ಹೀಗೆ ಬರೆದಿ ಅಂತ.

"ಮೂರು ಹೈಡ್ರೋಜನ್ ಅದಾವಲ್ರೀ ಮೇಡಂ. ಮೂರು ಮೂಲಿಗೆ ಒಂದೊಂದು ಕೂಡ್ತಾವ."

"ನೈಟ್ರೋಜನ್ ಹೊರಗಿನ ಕವಚದಾಗ ಎಷ್ಟು ಎಲೆಕ್ಟ್ರಾನ್?"

"ಐದು ರೀ."

"ಮೂರು ಬಂಧಕ್ಕ ಹೋದ್ವು. ಉಳಿದದ್ದು?"

"ಎರಡು ರೀ."

"ಅವೆರಡು ಈ ಚಿತ್ರದಾಗ ಎಲ್ಲಿ ಅದಾವ?"

ಅವಳು ತನ್ನ ಚಿತ್ರ ನೋಡುತ್ತಾ ಸುಮ್ಮನೆ ನಿಂತಳು. ಅವಳಿಗೆ ಲೆಕ್ಕ ಗೊತ್ತಿತ್ತು. ಚಿತ್ರದಲ್ಲಿ ಮಾತ್ರ ಅದಕ್ಕೆ ಜಾಗ ಇರಲಿಲ್ಲ. ಅವತ್ತು ಬೋರ್ಡ್ ಮೇಲೆ ಹಿಂದಿನ ದಿನ ನಾನೇ ಬರೆದದ್ದು ಇನ್ನೂ ಅಳಿಸಿರಲಿಲ್ಲ. ಯಾವುದೋ ಬೇರೆ ವಿಷಯಕ್ಕೆ ಅಮೋನಿಯಾ ಬರೆದಿದ್ದೆ: ನಡುವೆ N, ಮೂರು ಗೆರೆ, ಮೂರು H. ಬಂಧಕ್ಕೆ ಹೋಗದೆ ಉಳಿದ ಎಲೆಕ್ಟ್ರಾನ್ ಜೋಡಿ, ಅಂದರೆ ಲೋನ್ ಪೇರ್, ತೋರಿಸುವ ಎರಡು ಚುಕ್ಕೆ ಇರಲೇ ಇಲ್ಲ. ಮಕ್ಕಳು ಇದನ್ನೇ ನೋಡಿ ಗೆರೆ ಎಣಿಸಲು ಕಲಿತಿದ್ದಾರೆ ಅನ್ನುವುದು ಆಗ ನನಗೆ ಹೊಳೆಯಿತು. ಅವತ್ತಿನಿಂದ ಬೋರ್ಡ್ ಮೇಲೆ N ಬರೆದ ಕೂಡಲೇ ಮೊದಲು ಚುಕ್ಕೆ ಹಾಕುತ್ತೇನೆ, ಆಮೇಲೆ ಹೈಡ್ರೋಜನ್.

ಗೆರೆ ಎಣಿಸುವ ಅಭ್ಯಾಸ ಬಿಡಿಸಲು ನಾನು ಒಂದು ಪುಟ್ಟ ಲೆಕ್ಕ ಹಿಡಿದೆ. ನಡುವಿನ ಪರಮಾಣುವಿನ ಹೊರಗಿನ ಎಲೆಕ್ಟ್ರಾನ್ ಬರೆಯಿರಿ. ಸುತ್ತ ಇರುವ ಪ್ರತಿ ಹೈಡ್ರೋಜನ್ ಅಥವಾ ಫ್ಲೋರಿನ್‌ಗೆ ಒಂದೊಂದು ಕೂಡಿಸಿ. ಎರಡರಿಂದ ಭಾಗಿಸಿದರೆ ಒಟ್ಟು ಜೋಡಿ ಸಿಗುತ್ತದೆ. ಅದರಲ್ಲಿ ಬಂಧಗಳನ್ನು ಕಳೆದರೆ ಉಳಿದದ್ದು ಲೋನ್ ಪೇರ್. ಈ ಸಾಲು ಬರೆಯದೆ ಯಾರೂ ಚಿತ್ರ ಬರೆಯಬಾರದು ಅಂತ ಹೇಳಿದೆ.

ಪಕ್ಕಪಕ್ಕದಲ್ಲಿ ಮೂರು ಅಣು ಇಟ್ಟೆ. ಮೂರಕ್ಕೂ ಮೂರೇ ಬಂಧ.

BF₃: 3 + 3 = 6, ಅಂದರೆ 3 ಜೋಡಿ. ಮೂರೂ ಬಂಧಕ್ಕೆ ಹೋದವು, ಲೋನ್ ಪೇರ್ ಇಲ್ಲ.
NH₃: 5 + 3 = 8, ಅಂದರೆ 4 ಜೋಡಿ. ಒಂದು ಲೋನ್ ಪೇರ್.
ClF₃: 7 + 3 = 10, ಅಂದರೆ 5 ಜೋಡಿ. ಎರಡು ಲೋನ್ ಪೇರ್.

ಅಯಾನು ಬಂದರೆ ಚಾರ್ಜ್ ಕೂಡ ಸೇರಿಸಬೇಕು. ಪಾಸಿಟಿವ್ ಆದರೆ ಎಲೆಕ್ಟ್ರಾನ್ ಕಳೆಯಬೇಕು, ನೆಗೆಟಿವ್ ಆದರೆ ಕೂಡಿಸಬೇಕು. H₃O⁺ ಅಂದರೆ 6 + 3 − 1 = 8, ಅದೂ ಅಮೋನಿಯಾದ ತರಹವೇ. SO₂ನಂಥದ್ದರಲ್ಲಿ ಡಬಲ್ ಬಾಂಡ್ ಆಕ್ಸಿಜನ್‌ಗೆ ಏನೂ ಕೂಡಿಸಬಾರದು. ಇಲ್ಲಿ ಮಕ್ಕಳು ಎಡವುತ್ತಾರೆ, ಅದನ್ನು ಬೇರೆ ದಿನಕ್ಕೆ ಇಟ್ಟುಕೊಂಡೆ.

ಲೆಕ್ಕ ಬಂತು. ಆದರೆ ಕಣ್ಣಿಗೆ ಕಾಣದ ಜೋಡಿ ಜಾಗ ಹಿಡಿಯುತ್ತದೆ ಅನ್ನುವುದನ್ನು ಬಾಯಲ್ಲಿ ಹೇಳಿದರೆ ಸಾಲದು. ಸೂಪರ್ ಮಾರ್ಕೆಟ್ ಕಡೆಯಿಂದ ಒಂದು ಪ್ಯಾಕೆಟ್ ಬಲೂನ್ ತಂದೆ. ಎರಡು ಬಲೂನ್ ಊದಿ ಬಾಯಿ ಕೂಡಿಸಿ ಗಂಟು ಹಾಕಿದೆ. ಇನ್ನೆರಡು ಹಾಗೇ ಮಾಡಿ, ಎರಡೂ ಜೋಡಿಯನ್ನು ನಡುವೆ ಒಂದು ಸುತ್ತು ತಿರುವಿದೆ. ಮೇಜಿನ ಮೇಲೆ ಬಿಟ್ಟರೆ ಮೂರು ಬಲೂನ್ ಕೆಳಗೆ ಕಾಲಿನ ಹಾಗೆ ನಿಂತವು, ಒಂದು ಮೇಲೆ. ಯಾರೂ ಹಾಗೆ ಜೋಡಿಸಲಿಲ್ಲ, ಒಂದನ್ನೊಂದು ತಳ್ಳಿ ತಾವೇ ನಿಂತವು. ಕೈಯಿಂದ ಅದುಮಿ ನಾಲ್ಕನ್ನೂ ಚಪ್ಪಟೆ ಮಾಡಿದೆ. ಕೈ ತೆಗೆದ ಕೂಡಲೇ ಮತ್ತೆ ಎದ್ದವು. ಇದು ಟೆಟ್ರಾಹೆಡ್ರನ್, ಕೋನ 109.5°, ಮೀಥೇನ್.

ಆಮೇಲೆ ಮೇಲಿನ ಬಲೂನ್ ಬದಲು ಅದಕ್ಕಿಂತ ದೊಡ್ಡದಾಗಿ ಊದಿದ ಬೇರೆ ಬಣ್ಣದ ಬಲೂನ್ ಕಟ್ಟಿದೆ. ಕೆಳಗಿನ ಮೂರು ಬಲೂನ್ ಒತ್ತಿಕೊಂಡು ಸ್ವಲ್ಪ ಹತ್ತಿರ ಬಂದವು. ಇದೇ ಅಮೋನಿಯಾ. 109.5° ಇದ್ದದ್ದು 107° ಆಗುವುದು ಹೀಗೆ. ದೊಡ್ಡ ಬಲೂನ್ ಯಾಕೆ ಅಂತ ಒಬ್ಬ ಹುಡುಗ ಕೇಳಿದ. ಬಂಧದ ಜೋಡಿಯನ್ನು ಎರಡು ನ್ಯೂಕ್ಲಿಯಸ್ ಎರಡು ಕಡೆಯಿಂದ ಎಳೆಯುತ್ತವೆ, ಅದು ನಡುವೆ ಬಿಗಿಯಾಗಿ ಇರುತ್ತದೆ. ಲೋನ್ ಪೇರ್‌ಗೆ ಎಳೆಯುವ ನ್ಯೂಕ್ಲಿಯಸ್ ಒಂದೇ, ಅದು ಅಗಲವಾಗಿ ಹರಡಿಕೊಳ್ಳುತ್ತದೆ. ಹಿಂದಿನ ಬೆಂಚಿನಿಂದ ಒಬ್ಬ ಅಂದ, "ಒಂದೇ ಗೂಟಕ್ಕ ಕಟ್ಟಿದ ಎಮ್ಮಿ ಸುತ್ತಾ ತಿರಗ್ತದಲ್ರೀ, ಹಂಗ." ಆ ಮಾತು ಅಲ್ಲೇ ಎಲ್ಲರಿಗೂ ಹತ್ತಿತು. ನಾನೂ ಪ್ರತಿ ವರ್ಷ ಅದನ್ನೇ ಹೇಳುತ್ತೇನೆ.

ಇಲ್ಲಿ ಹೊಸ ತಪ್ಪೊಂದು ಶುರುವಾಯಿತು. ಮುಂದಿನ ಟೆಸ್ಟ್‌ನಲ್ಲಿ ಕೆಲವರು ಅಮೋನಿಯಾದ ಆಕಾರ ಟೆಟ್ರಾಹೆಡ್ರಲ್ ಅಂತ ಬರೆದರು. ನಾಲ್ಕು ಬಲೂನ್ ನೋಡಿದ್ದರಲ್ಲ! ಜೋಡಿಗಳು ಕೂತ ರೀತಿ ಬೇರೆ, ಅಣುವಿನ ಆಕಾರ ಬೇರೆ ಅನ್ನುವುದನ್ನು ನಾನು ಬಿಡಿಸಿ ಹೇಳಿರಲಿಲ್ಲ. ಆಗ ಬಲೂನ್ ತುದಿಗೆ ಥರ್ಮೋಕೋಲ್ ಉಂಡೆ ಅಂಟಿಸಿದೆ, ಲೋನ್ ಪೇರ್ ಬಲೂನಿಗೆ ಮಾತ್ರ ಇಲ್ಲ. ಜಾಗ ಹಂಚುವಾಗ ಎಲ್ಲಾ ಬಲೂನ್ ಲೆಕ್ಕಕ್ಕೆ, ಹೆಸರು ಹೇಳುವಾಗ ಉಂಡೆಗಳು ಮತ್ತು ನಡುವಿನ ಪರಮಾಣು ಮಾತ್ರ ಲೆಕ್ಕಕ್ಕೆ. ಹಾಗೆ ನೋಡಿದರೆ ಅಮೋನಿಯಾ ಪಿರಮಿಡ್.

ಚಪ್ಪಟೆ ಅಲ್ಲ ಅನ್ನುವುದಕ್ಕೆ ಪುರಾವೆ ಏನು ಅಂದರೆ, ಅಣುವಿನ ಚಾರ್ಜ್ ಒಂದು ಕಡೆಗೆ ಎಷ್ಟು ವಾಲಿದೆ ಅಂತ ಹೇಳುವ ಡೈಪೋಲ್ ಮೊಮೆಂಟ್ ತೋರಿಸುತ್ತೇನೆ. BF₃ದು ಸೊನ್ನೆ, ಯಾಕಂದರೆ ಮೂರು ಕಡೆಯ ಎಳೆತ ಒಂದಕ್ಕೊಂದು ಸರಿಹೋಗುತ್ತದೆ. ಅಮೋನಿಯಾ ಕೂಡ ಚಪ್ಪಟೆ ಇದ್ದಿದ್ದರೆ ಅದೂ ಸೊನ್ನೆ ಬರಬೇಕಿತ್ತು. ಅಳೆದಾಗ ಸಿಗುವುದು 1.47 ಡಿಬೈ. 120° ಬರೆದವರು ಈ ಸಂಖ್ಯೆಗೆ ಉತ್ತರ ಕೊಡಲೇಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾದ ಅಣು ClF₃. ಲೋನ್ ಪೇರ್ ಎಣಿಸಿದ ಮೇಲೂ ಇಲ್ಲಿ ತಪ್ಪಬಹುದು. ಐದು ಜೋಡಿ ಅಂದರೆ ಟ್ರೈಗೋನಲ್ ಬೈಪಿರಮಿಡ್. ನಡುವಿನ ಸಮತಲದಲ್ಲಿ ಮೂರು ಜಾಗ, ಒಂದಕ್ಕೊಂದು 120°. ಮೇಲೊಂದು, ಕೆಳಗೊಂದು, ಅವು ನಡುವಿನ ಮೂರಕ್ಕೂ 90°. ಐದೂ ಜಾಗ ಒಂದೇ ಅಲ್ಲ. ಎರಡು ಲೋನ್ ಪೇರ್ ಎಲ್ಲಿ ಕೂಡಿಸಬೇಕು?

ನಾನು ಮಕ್ಕಳಿಗೆ ಮೂರು ಚಿತ್ರವನ್ನೂ ಬರೆಸುತ್ತೇನೆ, ತಪ್ಪಿದ್ದನ್ನೂ. ಪ್ರತಿಯೊಂದರಲ್ಲಿ 90° ದೂರದಲ್ಲಿರುವ ಜೋಡಿಗಳನ್ನು ಮಾತ್ರ ಎಣಿಸಬೇಕು, ತಳ್ಳಾಟ ಜಾಸ್ತಿ ಇರುವುದು ಅಲ್ಲೇ. ಒಂದು ಲೋನ್ ಪೇರ್ ಮೇಲೆ, ಇನ್ನೊಂದು ನಡುವಿನ ಸಮತಲದಲ್ಲಿ ಅಂದುಕೊಳ್ಳಿ. ಆಗ ಎರಡು ಲೋನ್ ಪೇರ್ 90°ಯಲ್ಲಿ ಎದುರಾಗುತ್ತವೆ. ಅದಕ್ಕಿಂತ ಕೆಟ್ಟ ತಳ್ಳಾಟ ಇಲ್ಲ, ಆ ಚಿತ್ರ ಹೊಡೆದುಹಾಕಿ. ಉಳಿದದ್ದು ಎರಡು. ಎರಡೂ ಲೋನ್ ಪೇರ್ ಮೇಲೆ-ಕೆಳಗೆ ಕೂತರೆ, ಒಂದೊಂದೂ ನಡುವಿನ ಮೂರು ಬಂಧಗಳಿಗೆ 90°. ಒಟ್ಟು 6 ತಳ್ಳಾಟ. ಎರಡೂ ನಡುವಿನ ಸಮತಲದಲ್ಲಿ ಕೂತರೆ, ಒಂದೊಂದೂ ಮೇಲಿನ ಮತ್ತು ಕೆಳಗಿನ ಬಂಧಕ್ಕೆ ಮಾತ್ರ 90°. ಒಟ್ಟು 4. ಕಡಿಮೆ ಇರುವುದೇ ನಿಲ್ಲುತ್ತದೆ. ಉಳಿದ ಮೂರು ಫ್ಲೋರಿನ್ ನೋಡಿ: ಮೇಲೊಂದು, ಕೆಳಗೊಂದು, ಪಕ್ಕಕ್ಕೊಂದು. ಇಂಗ್ಲಿಷ್ T ಅಕ್ಷರವನ್ನು ಪಕ್ಕಕ್ಕೆ ಮಲಗಿಸಿದ ಹಾಗೆ. ಎರಡು ಲೋನ್ ಪೇರ್ ಆ ಕಡೆಯಿಂದ ಒತ್ತುವುದರಿಂದ ಕೋನ 90° ಕೂಡ ಇರುವುದಿಲ್ಲ, ಸುಮಾರು 87.5° ಇರುತ್ತದೆ.

ಈಗ ಆ 6 ತಳ್ಳಾಟದ ಚಿತ್ರವನ್ನು ಮತ್ತೊಮ್ಮೆ ನೋಡಿ. ಲೋನ್ ಪೇರ್ ಮೇಲೆ-ಕೆಳಗೆ ಇಟ್ಟರೆ ಮೂರು ಫ್ಲೋರಿನ್ ನಡುವಿನ ಸಮತಲದಲ್ಲಿ 120°ಯಲ್ಲಿ ಉಳಿಯುತ್ತವೆ. ಅಂದರೆ ಅದೇ ಹಳೆಯ ಸಮತಟ್ಟು ತ್ರಿಕೋನ! ಲೋನ್ ಪೇರ್ ಪೂರ್ತಿ ಮರೆತ ಹುಡುಗನೂ, ಎಣಿಸಿ ತಪ್ಪು ಜಾಗದಲ್ಲಿ ಇಟ್ಟ ಹುಡುಗನೂ ಒಂದೇ ಉತ್ತರ ಬರೆಯುತ್ತಾರೆ. ಹಾಗಾಗಿ 120° ಕಂಡ ಕೂಡಲೇ ಸೊನ್ನೆ ಹಾಕುವುದನ್ನು ಬಿಟ್ಟೆ. ಮೇಲಿನ ಲೆಕ್ಕದ ಸಾಲು ನೋಡುತ್ತೇನೆ. 5 ಜೋಡಿ ಅಂತ ಬರೆದಿದ್ದರೆ ಆ ಹುಡುಗನಿಗೆ ಹೇಳಬೇಕಾದದ್ದು ಜಾಗದ ಬಗ್ಗೆ. 3 ಅಂತ ಬರೆದಿದ್ದರೆ ಎಣಿಕೆಯ ಬಗ್ಗೆ.

ಇನ್ನೊಂದು ವಿಷಯ, ಇದು ಟ್ಯೂಷನ್ನಿನಿಂದ ಬಂದದ್ದು. ಮೀಥೇನ್ 109.5, ಅಮೋನಿಯಾ 107, ನೀರು 104.5. ಒಂದು ಲೋನ್ ಪೇರ್‌ಗೆ 2.5° ಕಳೆದರೆ ಆಯಿತು ಅಂತ ಮಕ್ಕಳು ಸೂತ್ರ ಮಾಡಿಕೊಂಡಿದ್ದರು. ನೋಡಲು ಎಷ್ಟು ಚೆನ್ನಾಗಿ ಕೂಡುತ್ತದೆ, ಅಲ್ವಾ? ಆದರೆ ಈ ಮೂರು ಅಣುಗಳ ಆಚೆ ಅದು ನಡೆಯುವುದಿಲ್ಲ. PH₃ಗೂ ನಾಲ್ಕು ಜೋಡಿ, ಒಂದು ಲೋನ್ ಪೇರ್. ಸೂತ್ರದ ಪ್ರಕಾರ 107° ಬರಬೇಕು. ಇರುವುದು ಸುಮಾರು 93.5°. H₂S ಕೂಡ ನೀರಿನ ಹಾಗೆ ಎರಡು ಲೋನ್ ಪೇರ್ ಇರುವ ಅಣು, ಅದರ ಕೋನ ಸುಮಾರು 92°. ಫಾಸ್ಫರಸ್, ಸಲ್ಫರ್ ದೊಡ್ಡ ಪರಮಾಣುಗಳು, ಬಂಧಗಳು ಉದ್ದ. ಬಂಧದ ಜೋಡಿಗಳು ಒಂದಕ್ಕೊಂದು ದೂರ ಇರುವುದರಿಂದ ಅವುಗಳ ನಡುವಿನ ತಳ್ಳಾಟ ಕಡಿಮೆ, ಲೋನ್ ಪೇರ್ ಅವನ್ನು ಇನ್ನೂ ಹತ್ತಿರ ತಳ್ಳುತ್ತದೆ.

ಗಿಲೆಸ್ಪಿ ಮತ್ತು ನೈಹೋಮ್ 1957ರಲ್ಲಿ ಬೆಳೆಸಿದ, ಜೋಡಿಗಳ ತಳ್ಳಾಟದಿಂದ ಆಕಾರ ಕಂಡುಹಿಡಿಯುವ ಈ ವಿಸೆಪರ್ ವಿಧಾನ ಆಕಾರ ಹೇಳುತ್ತದೆ, ಕೋನ ಯಾವ ಕಡೆಗೆ ಬದಲಾಗುತ್ತದೆ ಅಂತ ಹೇಳುತ್ತದೆ. ನಿಖರ ಸಂಖ್ಯೆ ಹೇಳುವುದಿಲ್ಲ, ಅದು ಅಳತೆಯಿಂದ ಬರಬೇಕು. ಅದಕ್ಕೇ ನಾಲ್ಕು ಜೋಡಿಯಲ್ಲಿ ಲೋನ್ ಪೇರ್ ಇರುವ, ಗೊತ್ತಿಲ್ಲದ ಅಣು ಬಂದರೆ "109.5°ಗಿಂತ ಕಡಿಮೆ" ಅಂತ ಬರೆಯಿರಿ ಅನ್ನುತ್ತೇನೆ. ಅದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಸುಮ್ನೆ 107 ಅಂತ ಬರೆದರೆ ಕೊಡುವುದಿಲ್ಲ.

ಮೊದಲು ಹೇಳಿದ ಆ ಹುಡುಗಿಗೆ ವರ್ಷದ ಕೊನೆಯಲ್ಲಿ ಹೊಸ ಅಣು ಕೊಟ್ಟೆ, XeF₂. ಅವಳು ಮೊದಲು ಸಾಲು ಬರೆದಳು: 8 + 2 = 10, 5 ಜೋಡಿ, 2 ಬಂಧ, 3 ಲೋನ್ ಪೇರ್. ಮೂರನ್ನೂ ನಡುವಿನ ಸಮತಲದಲ್ಲಿ ಕೂಡಿಸಿದಳು, ಫ್ಲೋರಿನ್ ಒಂದು ಮೇಲೆ, ಒಂದು ಕೆಳಗೆ. ಆಕಾರ ನೇರ ಗೆರೆ, 180° ಅಂತ ಬಂತು. ಪೆನ್ ನಿಲ್ಲಿಸಿ ನನ್ನ ಕಡೆ ನೋಡಿದಳು. "ಮೇಡಂ, ಇದರಾಗ ಲೋನ್ ಪೇರ್ ಇದ್ರೂ ಬಗ್ಗಿಲ್ಲಲ್ರೀ?" ಮೂರೂ ಮೂರು ಕಡೆಯಿಂದ ಸಮನಾಗಿ ತಳ್ಳಿದರೆ ಯಾವ ಕಡೆಗೆ ಬಗ್ಗಬೇಕು ಹೇಳು, ಅಂದೆ. ಅವಳು ಬೆರಳಿನಿಂದ ಚಿತ್ರದ ಸುತ್ತ ಒಂದು ಸುತ್ತು ಹಾಕಿ ನೋಡಿದಳು, ಉತ್ತರದ ಕೆಳಗೆ ಗೆರೆ ಎಳೆದಳು.