20 ಎಂಎಂ ಎಲ್ಬೋ ಎರಡಿದ್ದವು: ನಮ್ಮ ಎರಡು ಅಂಗಡಿಯ ಸ್ಟಾಕ್ ಪಟ್ಟಿ ಕೂಡಿಸಿದ ಅನುಭವ

ನಮ್ಮದು ಪೈಪು, ಫಿಟಿಂಗ್ ವ್ಯಾಪಾರ. ದಾವಣಗೆರೆ ಅಂಗಡಿ ನಾನು ನೋಡಿಕೊಳ್ಳುತ್ತೇನೆ, ಹರಿಹರದ್ದು ಚಿಕ್ಕಪ್ಪನ ಮಗ, ನಮ್ಮಣ್ಣ. ಎರಡೂ ಕಡೆ ಬೇರೆ ಬೇರೆ ಟ್ಯಾಲಿ ಇತ್ತು. ಏಪ್ರಿಲ್‌ನಿಂದ ಒಂದೇ ಮಾಡೋಣ ಅಂತ ಮಾರ್ಚ್ ಕೊನೆಯಲ್ಲಿ ಎರಡೂ ಪಟ್ಟಿಯನ್ನು ಎಕ್ಸೆಲ್‌ಗೆ ತೆಗೆದೆವು. ನನ್ನದರಲ್ಲಿ 1,140 ಸಾಲು, ಅಣ್ಣನದರಲ್ಲಿ 870.

ಮೊದಲ ದಿನವೇ ಎಡವಿದೆ. ಒಂದರ ಕೆಳಗೆ ಒಂದು ಅಂಟಿಸಿ, ಹೆಸರಿನ ಕಾಲಂ ಮಾತ್ರ ಆರಿಸಿ Remove Duplicates ಒತ್ತಿದೆ. ಪಟ್ಟಿ ಚೊಕ್ಕವಾಯಿತು ಅಂತ ಖುಷಿ. ಆಮೇಲೆ ನೋಡಿದರೆ ಟೆಫ್ಲಾನ್ ಟೇಪು 300 ಮಾತ್ರ ಇದೆ. ನನ್ನ ಹತ್ತಿರ 300, ಅಣ್ಣನ ಹತ್ತಿರ 180 ಇತ್ತಲ್ವಾ? ಆ ಬಟನ್ ಮೇಲಿನ ಸಾಲು ಉಳಿಸಿಕೊಂಡು ಕೆಳಗಿನದನ್ನು ಅಳಿಸುತ್ತದೆ, ಕೂಡಿಸುವುದಿಲ್ಲ. ಅಣ್ಣನ 180 ಟೇಪು ಸುಮ್ನೆ ಮಾಯ. ಅಂದಿನಿಂದ ಒಂದು ಸಾಲನ್ನೂ ಅಳಿಸಲಿಲ್ಲ. ಮೂಲ ಪಟ್ಟಿಗಳು ಹಾಗೇ ಇರಲಿ, ಪ್ರತಿ ಸಾಲಿನ ಪಕ್ಕ ಹೊಸ ಕೋಡ್ ಬರೆಯೋಣ, ಕೋಡ್ ಪ್ರಕಾರ ಕೂಡಿಸೋಣ ಅಂತ ದಾರಿ ಬದಲಿಸಿದೆ.

ಹೆಸರು ಸರಿಮಾಡುವ ಮೊದಲು ಇನ್ನೊಂದು ಕಾಟ. ಅಣ್ಣನ ಪಟ್ಟಿ ಸಿಎಸ್‌ವಿ ಫೈಲಾಗಿ ಬಂದಿತ್ತು, ಸೈಜಿಗೆ ಬೇರೆ ಕಾಲಂ. ಡಬಲ್ ಕ್ಲಿಕ್ ಮಾಡಿ ತೆರೆದರೆ ನಲ್ಲಿ, ಜಿಐ ನಿಪ್ಪಲ್‌ಗಳ ಮುಂದೆ 01-Feb, 03-Apr ಅಂತ ಕೂತಿದೆ. ಅರ್ಧ ಇಂಚನ್ನು, ಅಂದರೆ 1/2 ಅನ್ನು, ಎಕ್ಸೆಲ್ ತಾರೀಖು ಅಂದುಕೊಂಡಿತ್ತು. ಮುಕ್ಕಾಲು ಇಂಚು ಏಪ್ರಿಲ್ 3 ಆಗಿತ್ತು! ಒಮ್ಮೆ ಹಾಗಾದರೆ ಆ ಸೆಲ್ಲನ್ನು Text ಮಾಡಿದರೂ ಐದಂಕಿಯ ಯಾವುದೋ ಸಂಖ್ಯೆ ಬರುತ್ತದೆ. ಫೈಲ್ ಮುಚ್ಚಿ, Data ಮೆನುವಿನ From Text/CSV ಮೂಲಕ, ಸೈಜಿನ ಕಾಲಂ Text ಅಂತ ಹೇಳಿಯೇ ತರಬೇಕಾಯಿತು. ಹೆಸರುಗಳಲ್ಲಿ ಕಣ್ಣಿಗೆ ಕಾಣದ ಖಾಲಿ ಜಾಗಗಳೂ ಇದ್ದವು. ಅದಕ್ಕೆ ಈ ಸೂತ್ರ:

```
=TRIM(SUBSTITUTE(UPPER(B2),CHAR(160)," "))
```

ಇಷ್ಟಾದ ಮೇಲೆ ELBO, ELBOW, BEND 90 ಎಲ್ಲ ಒಂದೇ ಅಂತ ಗುರುತಿಸುವುದು ಬೇಸರದ ಕೆಲಸ, ಆದರೆ ಕಷ್ಟದ್ದಲ್ಲ. (ಬೆಂಡ್ ಅಂದರೆ ಎಲ್ಬೋ ಅಲ್ಲ ಅಂತ ಜಗಳ ತೆಗೆಯಬೇಡಿ. ಅಣ್ಣ ಎಲ್ಬೋಗೇ ಹಾಗೆ ಬರೆದಿದ್ದ, ಫೋಟೋ ತರಿಸಿ ನೋಡಿದ್ದೇನೆ.) ನಿಜವಾದ ಕಷ್ಟ ಬೇರೆ ಬೇರೆಯಾಗಿ ಕಾಣುವ ಹೆಸರುಗಳದ್ದಲ್ಲ, ಪೂರ್ತಿ ಒಂದೇ ಆಗಿರುವ ಹೆಸರಿನದ್ದು.

ELBOW 20MM ಎರಡೂ ಪಟ್ಟಿಯಲ್ಲಿ ಇತ್ತು. ಅಕ್ಷರಕ್ಕೆ ಅಕ್ಷರ ಹೊಂದುತ್ತದೆ, ಕೂಡಿಸಿಬಿಟ್ಟೆ. ಆಮೇಲೆ ಖರೀದಿ ರೇಟು ಪಕ್ಕಪಕ್ಕ ಇಟ್ಟಾಗ ನನ್ನದು ಅಣ್ಣನದರ ದುಪ್ಪಟ್ಟಿಗಿಂತ ಜಾಸ್ತಿ. ಫೋನ್ ಮಾಡಿದೆ.

"ಅಣ್ಣ, ನಿನ್ನ 20 ಎಂಎಂ ಎಲ್ಬೋ ಯಾವ ಬಣ್ಣ?"

"ಬೂದಿ ಬಣ್ಣ ಕಣೋ, ಇನ್ನೇನು? ರೈತರು ಒಯ್ಯೋದು."

ನನ್ನದು ಮನೆಯೊಳಗಿನ ಬಿಸಿನೀರಿನ ಲೈನಿಗೆ ಹಾಕುವ ಕೆನೆ ಬಣ್ಣದ ಸಿಪಿವಿಸಿ. ಅದರಲ್ಲಿ 20 ಎಂಎಂ ಅಂದರೆ ಮುಕ್ಕಾಲು ಇಂಚು, ಪೈಪಿನ ಹೊರ ಅಳತೆ ಸುಮಾರು 22 ಎಂಎಂ. ಅಣ್ಣನದು ಹೊಲದ ಪಿವಿಸಿ. ಅಲ್ಲಿ 20 ಅನ್ನುವುದೇ ಪೈಪಿನ ಹೊರ ಅಳತೆ, ಮಾತಲ್ಲಿ ಅರ್ಧ ಇಂಚು. ಒಂದಕ್ಕೊಂದು ಕೂರುವುದೇ ಇಲ್ಲ. ಒಬ್ಬೊಬ್ಬರ ಅಂಗಡಿಯಲ್ಲೂ ಆ ಎಲ್ಬೋ ಒಂದೇ ಥರದ್ದು ಇದ್ದ ಕಾರಣ ಇಬ್ಬರೂ ಸಿಪಿವಿಸಿ, ಪಿವಿಸಿ ಅಂತ ಬರೆದಿರಲೇ ಇಲ್ಲ.

ಹಾಗಾಗಿ ಕೋಡ್ CPVC-ELB-20, PVC-ELB-20 ಆಯಿತು: ಮೊದಲು ಯಾವುದರಿಂದ ಮಾಡಿದ್ದು, ಆಮೇಲೆ ಏನು, ಕೊನೆಗೆ ಸೈಜು. ಹಳೆಯ ಹೆಸರಿನಿಂದ ಕೋಡ್ ಹುಡುಕುವಾಗ ಅಂಗಡಿಯ ಹೆಸರೂ ಜೊತೆಗಿರಬೇಕು, ಇಲ್ಲದಿದ್ದರೆ ಇದೇ ತಪ್ಪು ಮತ್ತೆ ಆಗುತ್ತದೆ. ಒಂದೇ ಕೋಡ್ ಬಂದ ಸಾಲುಗಳ ರೇಟು ಕಾಲು ಭಾಗಕ್ಕಿಂತ ಜಾಸ್ತಿ ಬೇರೆಯಾದರೆ ಹಳದಿ ಬಣ್ಣ ಹಾಕಿದೆ. 46 ಹಳದಿ ಬಂದವು. ಅವನ್ನೆಲ್ಲ ಸಾಮಾನು ಕೈಯಲ್ಲಿ ಹಿಡಿದೇ ತೀರ್ಮಾನಿಸಿದ್ದು.

ಅದರಲ್ಲಿ ಕೆಲವು ಅಳತೆಯ ಎಡವಟ್ಟು. 63 ಎಂಎಂ ಪೈಪು ನನ್ನಲ್ಲಿ 40, ಅಣ್ಣನಲ್ಲಿ 1,200. ನಾನು ಲೆಂತ್ ಲೆಕ್ಕ, ಅವನು ಅಡಿ ಲೆಕ್ಕ. ಲೆಂತಿಗೆ 20 ಅಡಿ ಹಿಡಿದರೆ ಅವನದು 60. ಒಟ್ಟು 100 ಲೆಂತ್, 1,240 ಅಲ್ಲ. ಇಂಥ ಸಾಲಿನ ಪಕ್ಕ ಎಷ್ಟರಿಂದ ಗುಣಿಸಬೇಕು ಅಂತ ಇನ್ನೊಂದು ಕಾಲಂ ಸೇರಿಸಿದೆ. ಇಲ್ಲಿ ಅದು 0.05. ಕೊನೆಗೆ ಎರಡೂ ಅಂಗಡಿಯ ಸ್ಟಾಕಿನ ಒಟ್ಟು ಬೆಲೆ, ಕೂಡಿಸಿದ ಪಟ್ಟಿಯ ಬೆಲೆ ತಾಳೆ ನೋಡಿದೆ. ಅದು ರೂಪಾಯಿಗೆ ರೂಪಾಯಿ ಹೊಂದಿದ ಮೇಲೇ ಟ್ಯಾಲಿಗೆ ಹಾಕಿದ್ದು.

ಹಳೆಯ ಹೆಸರುಗಳನ್ನು ಟ್ಯಾಲಿಯಲ್ಲಿ Alias ಆಗಿ ಕೊಟ್ಟೆ. ಕೌಂಟರಿನ ಹುಡುಗರು ಅಭ್ಯಾಸದಂತೆ ELBO ಒತ್ತಿದರೂ ಸಿಗಲಿ ಅಂತ. ELBOW 20MM ಮಾತ್ರ ಯಾವುದಕ್ಕೂ ಕೊಡಲಿಲ್ಲ. ಒಂದೇ ಹೆಸರನ್ನು ಎರಡು ಐಟಂಗೆ ಇಡಲು ಟ್ಯಾಲಿಯೂ ಬಿಡುವುದಿಲ್ಲ. ಈಗ ಹುಡುಗ ಅದನ್ನು ಒತ್ತಿ, ಏನೂ ಸಿಗದೆ, ತಲೆ ಎತ್ತಿ ಗಿರಾಕಿಯನ್ನು ಕೇಳುತ್ತಾನೆ: "ಮನೆಗಾ ಸಾರ್, ಹೊಲಕ್ಕಾ?"