ಮಧ್ಯಾಹ್ನ ತೂಗಾಡಿದ ಟೇಬಲ್: ಗೇನ್ ಬಿಟ್ಟು ಪೋಲ್ ಸರಿಸಿ ಬರೆದ ರೂಟ್ ಲೋಕಸ್

ಪೀಣ್ಯದ ನಮ್ಮ ಶೆಡ್‌ನಲ್ಲಿ ಒಂದು ತಿರುಗುವ ಟೇಬಲ್ ಮಾಡಿದ್ದೆವು. ಡಿಸಿ ಮೋಟಾರು, ಗೇರ್‌ಬಾಕ್ಸು, ಮೇಲೆ ಅಲ್ಯೂಮಿನಿಯಂ ತಟ್ಟೆ. ಹೇಳಿದ ಕೋನಕ್ಕೆ ತಿರುಗಿ ನಿಲ್ಲಬೇಕು, ಅಷ್ಟೇ ಕೆಲಸ. ನಾನು ಬೆಳಿಗ್ಗೆ ಏಳೂವರೆಗೆ ಬಂದು ಟ್ಯೂನ್ ಮಾಡಿದ್ದೆ. ಗುರಿ ದಾಟಿ ಒಂದು ಸಲ ಹಿಂದೆ ಬಂದು ಸುಮಾರು ಮೂರು ಸೆಕೆಂಡಿಗೆ ನಿಲ್ಲುತ್ತಿತ್ತು. ಏಪ್ರಿಲ್ ತಿಂಗಳು, ಮೇಲೆ ತಗಡಿನ ಸೂರು. ಮಧ್ಯಾಹ್ನ ಫಿಟ್ಟರ್ ಬಂದು, "ಸಾರ್, ಊಟ ಮಾಡ್ಕೊಂಡು ಬಂದು ನೋಡಿದ್ರೆ ಟೇಬಲ್ ನಿಲ್ತಾನೇ ಇಲ್ಲ, ತೊಟ್ಟಿಲ್ ಥರ ತೂಗ್ತಾ ಇದೆ" ಅಂದರು. ಹೋಗಿ ನೋಡಿದೆ. ಎರಡು ಸೆಕೆಂಡಿಗೊಂದು ತೂಗಾಟ, ಪೂರ್ತಿ ಅಡಗಲು ಹದಿನೈದು ಸೆಕೆಂಡು.

ಮೊದಲು ಕೈ ಹೋದದ್ದು ಗೇನ್ ಪಾಟ್ ಮೇಲೆ. ಇಳಿಸಿದೆ, ತೂಗಾಟ ಕಮ್ಮಿಯಾಯಿತು. ಮರುದಿನ ಬೆಳಿಗ್ಗೆ ನೋಡಿದರೆ ಟೇಬಲ್ ಮಂಕಾಗಿತ್ತು. ಪ್ರತಿ ಹೊತ್ತಿಗೊಂದು ಗೇನ್ ಇಡಲು ಆಗುವುದಿಲ್ಲವಲ್ಲ! ಮೊದಲ ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಗೇನ್ ಇದ್ದಲ್ಲೇ ಇತ್ತು, ಬದಲಾದದ್ದು ಗ್ರೀಸು. ತಣ್ಣಗಿದ್ದಾಗ ಅದು ಗಟ್ಟಿ, ಬಿಸಿಯಾದಾಗ ನೀರು.

ಲೆಕ್ಕದಲ್ಲಿ ಹೇಳುವುದಾದರೆ ಮೋಟಾರು ಮತ್ತು ಟೇಬಲ್ ಸೇರಿ `1/(s(s+p))`. ಇಲ್ಲಿ p ಅಂದರೆ ಜಿಗುಟು ಘರ್ಷಣೆಯನ್ನು ಜಡತ್ವದಿಂದ ಭಾಗಿಸಿದ್ದು. ಗ್ರೀಸು ಬದಲಾದರೆ ಸರಿಯುವುದು ಈ ಪೋಲ್ ಒಂದೇ. ಕೋನದ ತಪ್ಪಿನ ಸಿಗ್ನಲ್‌ಗೆ 0.1 ಸೆಕೆಂಡಿನ ಫಿಲ್ಟರ್ ಇತ್ತು, ಅದು -10ರಲ್ಲಿ ಇನ್ನೊಂದು ಪೋಲ್. ನಾನು ಮೊದಲು ಇಟ್ಟಿದ್ದ ಗೇನ್‌ಗೆ ಲೂಪಿನ ಸಮೀಕರಣ ಹೀಗಾಗುತ್ತದೆ:

`s(s+p)(s+10) + 100 = 0`

p ಎಷ್ಟು ಅಂತ ಅಳೆಯುವುದು ಸುಲಭ. ಟೇಬಲ್ಲನ್ನು ಒಂದೇ ವೇಗದಲ್ಲಿ ತಿರುಗಿಸಿ ಕರೆಂಟ್ ಸೊನ್ನೆ ಮಾಡಿ, ಟ್ಯಾಕೋ ಸಿಗ್ನಲ್ ಇಳಿಯುವುದನ್ನು ಸ್ಕೋಪಿನಲ್ಲಿ ಹಿಡಿದೆ. ವೇಗ 37 ಪರ್ಸೆಂಟಿಗೆ ಇಳಿಯಲು ಬೆಳಿಗ್ಗೆ 0.25 ಸೆಕೆಂಡು ಬೇಕಾಯಿತು, ಮಧ್ಯಾಹ್ನ ಮೂರಕ್ಕೆ 0.67 ಸೆಕೆಂಡು. ತಿರುಗಿಸಿ ಹಾಕಿದರೆ p ಬೆಳಿಗ್ಗೆ 4, ಮಧ್ಯಾಹ್ನ 1.5. ಇಲ್ಲೊಂದು ಎಚ್ಚರ ಬೇಕು. ಇಳಿಯುವ ಗೆರೆ ಬಾಗದೆ ನೇರವಾಗಿ ಜಾರಿ ಥಟ್ಟನೆ ನಿಂತರೆ ಅದು ಒಣ ಘರ್ಷಣೆ. ಅಂಥದ್ದನ್ನು p ಅನ್ನುವ ಒಂದು ಸಂಖ್ಯೆಯಲ್ಲಿ ಹಿಡಿಯಲು ಬರುವುದಿಲ್ಲ. ನಮ್ಮದು ಕೊನೆಯ ತುಣುಕು ಬಿಟ್ಟರೆ ಚೆನ್ನಾಗಿ ಬಾಗಿತ್ತು.

ಕಾಲೇಜಿನಲ್ಲಿ ನಾವೆಲ್ಲ ಬರೆದ ರೂಟ್ ಲೋಕಸ್‌ನಲ್ಲಿ ಬದಲಾಗುವುದು ಗೇನ್ K ಒಂದೇ. ಹಾಗೆ ಬರೆದರೆ ಪ್ರತಿ p ಗೂ ಬೇರೆ ಚಿತ್ರ ಬೇಕು. ಆದರೆ ಆ ನಿಯಮಗಳಿಗೆ ಬೇಕಾದದ್ದು `1 + (ಬದಲಾಗುವ ಸಂಖ್ಯೆ)×(ಭಿನ್ನರಾಶಿ) = 0` ಅನ್ನುವ ರೂಪ ಮಾತ್ರ; ಆ ಸಂಖ್ಯೆ ಗೇನೇ ಆಗಬೇಕೆಂದಿಲ್ಲ. ಸಮೀಕರಣ ಬಿಡಿಸಿ, p ಇರುವ ಪದಗಳನ್ನು ಒಂದು ಕಡೆ, ಇಲ್ಲದವನ್ನು ಇನ್ನೊಂದು ಕಡೆ ಇಟ್ಟೆ:

`(s³ + 10s² + 100) + p·s(s+10) = 0`

ಮೊದಲ ಭಾಗದಿಂದ ಭಾಗಿಸಿದರೆ ಬೇಕಾದ ರೂಪ ಬಂತು:

`1 + p · s(s+10)/(s³ + 10s² + 100) = 0`

ಇನ್ನು p ಗೇನ್ ಇದ್ದ ಹಾಗೆ. ಆಕ್ಟೇವ್‌ನಲ್ಲಿ ಮೂರು ಸಾಲು:

```
pkg load control
L = tf([1 10 0], [1 10 0 100]);
rlocus(L)
```

ಚಿತ್ರ ನೋಡಿ ಒಂದು ಕ್ಷಣ ಗಾಬರಿಯಾಯಿತು. ಗೆರೆಗಳು ಹೊರಡುವ ಎರಡು ಗುಣಿಸು ಗುರುತು ಬಲಗಡೆ, `0.42 ± j3.0`ರಲ್ಲಿ ಕೂತಿದ್ದವು. ಮೂರನೆಯದು -10.85ರಲ್ಲಿ. ಯೋಚಿಸಿದಾಗ ಅರ್ಥವಾಯಿತು: ಇವು ಮೋಟಾರಿನ ಪೋಲ್‌ಗಳಲ್ಲ. ಗ್ರೀಸಿನ ಘರ್ಷಣೆ ಪೂರ್ತಿ ಹೋಗಿ p ಸೊನ್ನೆಯಾದರೆ ಮುಚ್ಚಿದ ಲೂಪಿನ ಬೇರುಗಳು ಎಲ್ಲಿರುತ್ತವೋ ಆ ಜಾಗ. ಅಂದರೆ ಘರ್ಷಣೆಯೇ ಇಲ್ಲದಿದ್ದರೆ ಈ ಲೂಪು ನಿಲ್ಲುವುದೇ ಇಲ್ಲ. ಹಾಗೆಯೇ 0 ಮತ್ತು -10ರಲ್ಲಿ ಕಾಣುವ ಝೀರೋಗಳೂ ಟೇಬಲ್ಲಿನ ಝೀರೋಗಳಲ್ಲ. ಈ ಚಿತ್ರ ಬೇರುಗಳು ಎಲ್ಲಿವೆ ಅನ್ನುವುದನ್ನು ಮಾತ್ರ ಹೇಳುತ್ತದೆ. ಸ್ಟೆಪ್ ರೆಸ್ಪಾನ್ಸ್ ಬೇಕಾದರೆ ನಿಜವಾದ ಲೂಪಿನ ಸಮೀಕರಣಕ್ಕೇ ಹಾಕಬೇಕು. ನಾನು ಮೊದಲ ಸಲ ಈ L ಅನ್ನೇ `feedback`ಗೆ ಕೊಟ್ಟು ಬಂದ ಗೆರೆಯನ್ನು ನಂಬಿ ಅರ್ಧ ದಿನ ಕಳೆದೆ.

ಗೆರೆ ಹಿಡಿದು ನಡೆದರೆ ಶೆಡ್ಡಿನಲ್ಲಿ ಕಂಡದ್ದೆಲ್ಲ ಅಲ್ಲೇ ಇತ್ತು. p 0.92 ಆದಾಗ ಬೇರುಗಳು ನಡುಗೆರೆ ದಾಟಿ ಎಡಕ್ಕೆ ಬರುತ್ತವೆ, ಅಲ್ಲಿ ಎತ್ತರ 3.03. 1.5ರಲ್ಲಿ ಇನ್ನೂ ಗೆರೆಯ ಪಕ್ಕದಲ್ಲೇ ಇರುತ್ತವೆ, ಡ್ಯಾಂಪಿಂಗ್ ಬರೀ 0.09. ಸೆಕೆಂಡಿಗೆ 3 ರೇಡಿಯನ್ ಅಂದರೆ ಎರಡು ಸೆಕೆಂಡಿಗೊಂದು ತೂಗಾಟ, ಫಿಟ್ಟರ್ ಕಂಡ ತೊಟ್ಟಿಲು ಇದೇ. 4ರಲ್ಲಿ ಡ್ಯಾಂಪಿಂಗ್ 0.46, ನನ್ನ ಬೆಳಗಿನ ಟ್ಯೂನಿಂಗು. ಮಧ್ಯಾಹ್ನ ನಾವಿದ್ದ ಜಾಗಕ್ಕೂ ಟೇಬಲ್ ಪೂರ್ತಿ ಹುಚ್ಚೇಳುವ ಜಾಗಕ್ಕೂ ಎಷ್ಟು ಕಮ್ಮಿ ಅಂತರವಿತ್ತು ಅನ್ನುವುದು ಆಗಲೇ ಗೊತ್ತಾದದ್ದು.

ಹಳೆಯ ಟೇಬಲ್ಲಿನಲ್ಲಿ ಈ ತೊಂದರೆ ಯಾಕೆ ಇರಲಿಲ್ಲ ಅನ್ನುವುದೂ ತಿಳಿಯಿತು. ಅದರ ಡ್ರೈವ್ ಮೋಟಾರಿಗೆ ವೋಲ್ಟೇಜ್ ಕೊಡುತ್ತಿತ್ತು, ಬ್ಯಾಕ್ ಇಎಂಎಫ್ ವೇಗಕ್ಕೆ ತಕ್ಕಂತೆ ತಡೆಯುತ್ತಿತ್ತು. ಆ ತಡೆ p ಗೆ ಸೇರಿಕೊಳ್ಳುತ್ತದೆ, ಗ್ರೀಸಿನ ಬಿಸಿ ಅದಕ್ಕೆ ತಟ್ಟುವುದಿಲ್ಲ. ಹೊಸದು ಕರೆಂಟ್ ಡ್ರೈವ್. ಅದು ಬ್ಯಾಕ್ ಇಎಂಎಫ್ ಅನ್ನು ಮೀರಿ ಕರೆಂಟ್ ತಳ್ಳುತ್ತದೆ, ಹಾಗಾಗಿ p ಗೆ ಉಳಿಯುವುದು ಗ್ರೀಸು ಒಂದೇ.

ದಾರಿಯೂ ಇಲ್ಲೇ ಸಿಕ್ಕಿತು. ಟ್ಯಾಕೋ ಸಿಗ್ನಲ್ಲನ್ನು ಫಿಲ್ಟರ್ ಮೂಲಕ ಕಳಿಸದೆ ನೇರ ಡ್ರೈವ್‌ಗೆ ಕಳೆಯುವ ಹಾಗೆ ಕೊಟ್ಟರೆ p ಬದಲು p + k ಆಗುತ್ತದೆ. ಬೇರುಗಳು ಓಡಾಡುವುದು ಅದೇ ಗೆರೆಯ ಮೇಲೆ, ಹೊಸ ಚಿತ್ರ ಬೇಡ. ಜಾಸ್ತಿ ಕೊಟ್ಟಷ್ಟೂ ಒಳ್ಳೆಯದೆಂದು ಮೊದಲು k 16 ಇಟ್ಟೆ. ಬೆಳಿಗ್ಗೆ ಒಟ್ಟು 20 ಆಯಿತು, ಟೇಬಲ್ ಗುರಿಯ ಹತ್ತಿರ ಬಂದು ಏಳು ಸೆಕೆಂಡು ತೆವಳಿತು. ಪೋಲ್ ಎಡಕ್ಕೆ ದೂರ ಹೋದರೆ ಬೇಗ ಆಗಬೇಕಲ್ಲವೇ? ಚಿತ್ರದಲ್ಲಿ ಉತ್ತರವಿದೆ. 7.5 ಮತ್ತು 8ರ ನಡುವೆ ಎರಡು ಬೇರುಗಳು ಅಡ್ಡಗೆರೆಯ ಮೇಲೆ ಕೂಡಿ, ಆಮೇಲೆ ಬೇರೆಯಾಗುತ್ತವೆ. ಒಂದು ಎಡಕ್ಕೆ ಹೋದರೆ ಇನ್ನೊಂದು ಮೂಲಬಿಂದುವಿನ ಝೀರೋ ಕಡೆಗೆ ವಾಪಸ್ ಬರುತ್ತದೆ. 20ಕ್ಕೆ ಅದು -0.54ರಲ್ಲಿ ಕೂತಿರುತ್ತದೆ.

ಆದ್ದರಿಂದ ಕೂಡುವ ಜಾಗದ ಸುತ್ತಲೇ ಉಳಿಯುವ ಹಾಗೆ k 4 ಇಟ್ಟೆ. ಮಧ್ಯಾಹ್ನ 5.5, ಬೆಳಿಗ್ಗೆ 8. ಡ್ಯಾಂಪಿಂಗ್ 0.68ರಿಂದ ಒಂದಕ್ಕಿಂತ ಕೂದಲೆಳೆ ಹೆಚ್ಚಿನವರೆಗೆ. ಎರಡು ಹೊತ್ತಿನಲ್ಲೂ ಟೇಬಲ್ ಸುಮಾರು ಎರಡು ಸೆಕೆಂಡಿಗೆ ನಿಂತಿತು, ಗೇನ್ ಪಾಟ್ ಮುಟ್ಟಬೇಕಾಗಲಿಲ್ಲ.

ಈ ಚಿತ್ರ ಗ್ರೀಸಿಗೆ ಮಾತ್ರ. ತಟ್ಟೆಯ ಮೇಲೆ ಭಾರದ ಫಿಕ್ಸ್ಚರ್ ಇಟ್ಟರೆ ಜಡತ್ವ ಬದಲಾಗುತ್ತದೆ, ಆಗ p ಜೊತೆಗೆ ಆ 100 ಕೂಡ, k ಕೂಡ ಇಳಿಯುತ್ತವೆ. ಹೋದ ತಿಂಗಳು ಅಂಥದ್ದೊಂದು ಆರ್ಡರ್ ಬಂದಾಗ ಜಡತ್ವವನ್ನೇ ಬದಲಾಗುವ ಸಂಖ್ಯೆಯಾಗಿ ಹಿಡಿದು ಸಮೀಕರಣವನ್ನು ಮೊದಲಿಂದ ವಿಂಗಡಿಸಿದೆ. ಆಗ ಮೇಲಿನ ಭಾಗದ ಘಾತ ಕೆಳಗಿನದಕ್ಕಿಂತ ದೊಡ್ಡದಾಗಿ `rlocus` ಅದನ್ನು ಒಪ್ಪಲಿಲ್ಲ; ಜಡತ್ವದ ತಲೆಕೆಳಗನ್ನು, ಅಂದರೆ 1/Jಯನ್ನು ಬದಲಾಯಿಸುವ ಸಂಖ್ಯೆಯಾಗಿ ಇಟ್ಟಾಗ ಗೆರೆ ಬಂತು.