ರಾತ್ರಿ ಎರಡೂವರೆಗೆ ಪೇಷೆಂಟ್ ಕಂಡೀಶನ್ ಕೆಡ್ತಿದೆ: ಸೀನಿಯರ್‌ಗೆ ಎಸ್‌ಬಾರ್ ಮೆಸೇಜ್ ಬರೆಯೋದು ಹೇಗೆ

"ಸರ್, 14ನೇ ಬೆಡ್ ಪೇಷೆಂಟ್‌ಗೆ ಸ್ವಲ್ಪ ಜ್ವರ ಇದೆ, ಬಿಪಿನೂ ಸ್ವಲ್ಪ ಕಡಿಮೆ ಇದೆ, ಆಮೇಲೆ ಸ್ವಲ್ಪ ರೆಸ್ಟ್‌ಲೆಸ್ ಇದ್ದಾರೆ, ಏನ್ಮಾಡ್ಲಿ?"

ಇಂಥದ್ದೊಂದು ಮೆಸೇಜ್ ತುಂಬ ವರ್ಷದ ಹಿಂದೆ ಒಂದು ರಾತ್ರಿ ನನಗೆ ಬಂದಿತ್ತು. ನಿದ್ದೆಗಣ್ಣಲ್ಲೇ ಓದಿ, ಪ್ಯಾರಾಸಿಟಮಾಲ್ ಕೊಡಿ, ಒಂದು ಬಾಟಲ್ ಫ್ಲೂಯಿಡ್ ಹಾಕಿ, ಬೆಳಿಗ್ಗೆ ನೋಡೋಣ ಅಂತ ಟೈಪ್ ಮಾಡಿ ಮಲಗಿಬಿಟ್ಟೆ. ಐದೂವರೆಗೆ ವಾರ್ಡಿಗೆ ಹೋದಾಗ ಆ ಪೇಷೆಂಟ್ ಕೈ ತಣ್ಣಗಾಗಿತ್ತು, ಕರೆದ್ರೆ ಕಣ್ಣು ಬಿಡ್ತಿರ್ಲಿಲ್ಲ. ಚಾರ್ಟ್ ತೆಗೆದು ನೋಡಿದ್ರೆ ಎರಡು ಗಂಟೆಯಿಂದ ಎಲ್ಲ ನಂಬರೂ ನೀಟಾಗಿ ಬರೆದಿದೆ, ಪಲ್ಸು, ಉಸಿರು, ಯೂರಿನ್, ಎಲ್ಲಾ ಇದೆ, ಆದ್ರೆ ಅದರಲ್ಲಿ ಒಂದೂ ಮೆಸೇಜಿಗೆ ಬಂದಿರ್ಲಿಲ್ಲ. ತಪ್ಪು ನಂದೂ ಇತ್ತು, ನಾನು ತಿರುಗಿ ಫೋನ್ ಮಾಡಿ ಕೇಳ್ಬೇಕಿತ್ತು. ಆದ್ರೆ ಆ ಮೂರು 'ಸ್ವಲ್ಪ'ಗಳು ನನ್ನನ್ನ ನಿದ್ದೆಯಿಂದ ಎಬ್ಬಿಸಲಿಲ್ಲ ಅನ್ನೋದೂ ನಿಜ.

ಅದಾದಮೇಲೆ ನಮ್ಮ ಜೂನಿಯರ್ಸ್‌ಗೆಲ್ಲ ನಾನು ಕೂತು ಕಲಿಸೋದು ಇದನ್ನೇ. ಎಸ್‌ಬಾರ್ ಅಂದ್ರೆ ಸಿಚುಯೇಶನ್, ಬ್ಯಾಕ್‌ಗ್ರೌಂಡ್, ಅಸೆಸ್‌ಮೆಂಟ್, ರೆಕಮೆಂಡೇಶನ್, ಅಂದ್ರೆ ಈಗ ಏನಾಗ್ತಿದೆ, ಹಿಂದೆ ಏನಿತ್ತು, ನನಗೇನು ಅನ್ಸತ್ತೆ, ನಿಮ್ಮಿಂದ ಏನು ಬೇಕು. ಇದು ಮೂಲದಲ್ಲಿ ಆಸ್ಪತ್ರೆದಲ್ಲ, ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಲ್ಲಿ ಮಾತಾಡೋ ಪದ್ಧತಿಯಿಂದ ಬಂದಿದ್ದು.

ಒಂದು ಕೇಸ್ ಇಟ್ಕೊಂಡೇ ನೋಡೋಣ. 62 ವರ್ಷದ ಹೆಂಗಸು, ತೂಕ 60 ಕೆಜಿ, ದೊಡ್ಡಕರುಳಿನ ಒಂದು ಭಾಗ ತೆಗೆದು ತುದಿಗಳನ್ನ ಜೋಡಿಸಿದ ಆಪರೇಷನ್ ಆಗಿ ಇವತ್ತಿಗೆ ನಾಲ್ಕನೇ ದಿನ. ರಾತ್ರಿ 10ಕ್ಕೆ ಆರಾಮಾಗಿ ಮಾತಾಡ್ತಿದ್ರು, ಪಲ್ಸ್ 92, ಬಿಪಿ 126/78, ಉಸಿರು ನಿಮಿಷಕ್ಕೆ 18, ಆಕ್ಸಿಜನ್ ಇಲ್ಲದೇ ಸ್ಯಾಚುರೇಶನ್ 97. ಎರಡು ಗಂಟೆಗೆ ಸಿಸ್ಟರ್ ಹೋಗಿ ನೋಡಿದ್ರೆ ಕ್ಯಾನ್ಯುಲಾ ಎಳೀತಿದ್ದಾರೆ, "ನಾನು ಮನೆಗೆ ಹೋಗ್ಬೇಕು, ಬಸ್ ಹೋಗಿಬಿಡತ್ತೆ" ಅಂತ ಹೇಳಿದ್ದನ್ನೇ ಹೇಳ್ತಿದ್ದಾರೆ. ಈಗ ಎರಡೂವರೆ, ನೀವು ಡ್ಯೂಟಿ ಡಾಕ್ಟರ್, ಬೆಡ್ ಪಕ್ಕ ನಿಂತಿದ್ದೀರಿ.

ಮೊದಲು ಒಂದು ಮಾತು. ಪೇಷೆಂಟ್ ಉಸಿರು ನಿಂತಿದ್ರೆ, ಪಲ್ಸ್ ಸಿಗ್ತಿಲ್ಲ ಅಂದ್ರೆ, ಗಂಟಲಲ್ಲಿ ಗೊರಗೊರ ಅಂತಿದ್ರೆ ಮೆಸೇಜ್ ಬರೆಯೋ ಮಾತೇ ಇಲ್ಲ, ಎಮರ್ಜೆನ್ಸಿ ಟೀಮ್ ಕರೀಬೇಕು, ಅಷ್ಟೇ. ಎಸ್‌ಬಾರ್ ಇರೋದು ಕೈಯಲ್ಲಿ ಐದು ನಿಮಿಷ ಇರೋವಾಗ, ಆದ್ರೆ ಐದು ಗಂಟೆ ಇಲ್ದೇ ಇರೋವಾಗ.

ಈಗ ಬರೆಯೋಕೆ ಶುರು. ಕೊನೇದಾದ ರೆಕಮೆಂಡೇಶನ್ ಇದ್ಯಲ್ಲ, ಅದನ್ನ ಮೊದಲು ತಲೇಲಿ ತೀರ್ಮಾನ ಮಾಡ್ಕೊಳಿ. ಸೀನಿಯರ್ ಎದ್ದು ಬರ್ಬೇಕಾ, ಫೋನಲ್ಲೇ ಸಲಹೆ ಸಾಕಾ, ಐಸಿಯುಗೆ ಶಿಫ್ಟ್ ಮಾಡೋಕೆ ಒಪ್ಪಿಗೆ ಬೇಕಾ? ಇದು ನಿಮಗೇ ಸ್ಪಷ್ಟ ಇಲ್ಲ ಅಂದ್ರೆ ಮೆಸೇಜ್ ಕೊನೇಲಿ "ಏನ್ಮಾಡ್ಲಿ?" ಅಂತ ಬಂದುಬಿಡತ್ತೆ, ಆಗ ಎದ್ದು ಬರ್ಬೇಕಾ ಬೇಡ್ವಾ ಅನ್ನೋ ತೀರ್ಮಾನ ಪೇಷೆಂಟನ್ನ ನೋಡ್ದೇ ಇರೋ, ಅರೆನಿದ್ದೆಯಲ್ಲಿರೋ ಮನುಷ್ಯನ ತಲೆ ಮೇಲೆ ಬೀಳತ್ತೆ. ನಮ್ಮ ಕೇಸಲ್ಲಿ ಬೇಕಿರೋದು ಒಂದೇ, ಸೀನಿಯರ್ ತಕ್ಷಣ ಬೆಡ್ ಹತ್ರ ಬರ್ಬೇಕು. ಹಾಗಿದ್ರೆ ಅದೇ ಮೆಸೇಜಿನ ಮೊದಲನೇ ಸಾಲು, ಫೋನ್ ಸ್ಕ್ರೀನ್ ಮೇಲೆ ನೋಟಿಫಿಕೇಶನ್ನಲ್ಲಿ ಕಾಣೋದು ಆ ಒಂದು ಸಾಲು ಮಾತ್ರ. ಕೊನೇಲಿ ಮತ್ತೊಂದ್ಸಲ ಬರೀರಿ, ತಪ್ಪೇನಿಲ್ಲ.

ಸಿಚುಯೇಶನ್ ಎರಡು ಸಾಲು ಸಾಕು: ನೀವ್ಯಾರು, ಯಾವ ವಾರ್ಡ್, ಯಾವ ಬೆಡ್, ಏನು ಬದಲಾಗಿದೆ, ಎಷ್ಟೊತ್ತಿಂದ. ಇಲ್ಲಿ 'ಸ್ವಲ್ಪ', 'ಒಂಥರಾ', 'ಅಷ್ಟು ಚೆನ್ನಾಗಿಲ್ಲ' ಇವೆಲ್ಲ ತೆಗೆದುಹಾಕಿ, ಆ ಜಾಗದಲ್ಲಿ ನಂಬರ್ ಹಾಕಿ. ಬಿಪಿ 98 ಅಂತ ಒಂಟಿ ನಂಬರ್ ಹಾಕಿದ್ರೂ ಸಾಲಲ್ಲ, ಯಾಕಂದ್ರೆ ಕೆಲವರಿಗೆ ದಿನಾ ಇರೋದೇ 98. "126 ಇದ್ದಿದ್ದು ನಾಲ್ಕೂವರೆ ಗಂಟೆಯಲ್ಲಿ 98" ಅಂತ ಬರೆದ್ರೆ ಓದಿದವರು ಎದ್ದು ಕೂರ್ತಾರೆ. ಎಲ್ಲಿಂದ ಎಲ್ಲಿಗೆ ಬಂತು ಅನ್ನೋದು ಆ ಸಾಲಲ್ಲೇ ಕಾಣ್ಬೇಕು.

ಬ್ಯಾಕ್‌ಗ್ರೌಂಡ್‌ನಲ್ಲಿ ಎಲ್ಲರೂ ಜಾರೋದು. ಇಡೀ ಕೇಸ್ ಶೀಟ್ ಕಾಪಿ ಮಾಡಿ ಹಾಕಿಬಿಡ್ತಾರೆ, ಹತ್ತು ವರ್ಷದ ಹಿಂದಿನ ಕಣ್ಣಿನ ಪೊರೆ ಆಪರೇಷನ್ ಕೂಡ. ಒಂದೊಂದು ವಿಷಯಕ್ಕೂ ಒಂದೇ ಪ್ರಶ್ನೆ ಕೇಳ್ಕೊಳಿ, ಇದು ಗೊತ್ತಾದ್ರೆ ಸೀನಿಯರ್ ಈ ರಾತ್ರಿ ತಗೊಳ್ಳೋ ನಿರ್ಧಾರ ಬದಲಾಗತ್ತಾ? ನಮ್ಮ ಪೇಷೆಂಟ್ ವಿಷಯದಲ್ಲಿ ನಾಲ್ಕೇ ನಾಲ್ಕು ಪಾಸಾಗತ್ತೆ. ಕರುಳು ಜೋಡಿಸಿ ನಾಲ್ಕನೇ ದಿನ ಅನ್ನೋದು, ಯಾಕಂದ್ರೆ ಜೋಡಣೆ ಬಿಟ್ಟು ಲೀಕ್ ಆಗೋದು ಸಾಮಾನ್ಯವಾಗಿ ಆಪರೇಷನ್ ಆದ ಮೊದಲ ವಾರದ ಆಸುಪಾಸಲ್ಲೇ. ಪೆನಿಸಿಲಿನ್ ಅಲರ್ಜಿ, ಆಂಟಿಬಯಾಟಿಕ್ ಆಯ್ಕೆ ಮಾಡ್ಬೇಕಲ್ಲ ಅದಕ್ಕೆ. ರಾತ್ರಿ 10ಕ್ಕೆ ಎನಾಕ್ಸಪಾರಿನ್ ಕೊಟ್ಟಿರೋದು, ಮತ್ತೆ ಓಟಿಗೆ ಹೋಗ್ಬೇಕಾಗಿ ಬಂದ್ರೆ ರಕ್ತ ತೆಳು ಮಾಡೋ ಇಂಜೆಕ್ಷನ್ ಯಾವಾಗ ಕೊಟ್ರಿ ಅಂತ ಸರ್ಜನ್ನೂ ಅನೆಸ್ತೀಶಿಯಾದವರೂ ಕೇಳೇ ಕೇಳ್ತಾರೆ. ಕೊನೇದು ಮೆಟೊಪ್ರೊಲಾಲ್, ಇದನ್ನ ತುಂಬ ಜನ ಬಿಟ್ಟುಬಿಡ್ತಾರೆ, ಆದ್ರೆ ಪಲ್ಸನ್ನ ಹಿಡಿದಿಡೋ ಮಾತ್ರೆ ಅದು, ಅದನ್ನ ತಗೊಂಡೂ ಪಲ್ಸ್ 114 ಇದೆ ಅಂದ್ರೆ ಮಾತ್ರೆ ಇಲ್ದಿದ್ರೆ ಇನ್ನೂ ಎಷ್ಟಿರ್ತಿತ್ತೋ ಯೋಚನೆ ಮಾಡಿ.

ಅಸೆಸ್‌ಮೆಂಟ್ ಅಂದ್ರೆ ಡಯಾಗ್ನೋಸಿಸ್ ಹೇಳಿಬಿಡ್ಬೇಕು ಅಂತ ಜೂನಿಯರ್ಸ್ ಹೆದರ್ತಾರೆ, ಸಿಸ್ಟರ್‌ಗಳಂತೂ ನಾವು ಹೇಳ್ಬಹುದಾ ಅಂತಾನೇ ಅನುಮಾನ ಪಡ್ತಾರೆ. ಹೇಳ್ಬಹುದು. "ಸೆಪ್ಸಿಸ್ ಇರಬಹುದು, ಜೋಡಣೆ ಲೀಕ್ ಆಗಿರೋ ಅನುಮಾನ" ಅಂದ್ರೆ ಸಾಕು, ಅದೂ ಗೊತ್ತಾಗ್ಲಿಲ್ಲ ಅಂದ್ರೆ "ಕಾರಣ ಗೊತ್ತಿಲ್ಲ, ಆದ್ರೆ ಪೇಷೆಂಟ್ ವೇಗವಾಗಿ ಕೆಡ್ತಿದ್ದಾರೆ" ಅಂತ ಬರೀರಿ, ಅದೂ ಪೂರ್ತಿ ಅಸೆಸ್‌ಮೆಂಟೇ. ಜೊತೆಗೆ ನಿಮ್ಮ ವಾರ್ಡಲ್ಲಿ ನ್ಯೂಸ್-2 ಸ್ಕೋರ್ ಬಳಸ್ತಿದ್ರೆ ಅದನ್ನೂ ಹಾಕಿ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ತಂದ ಸ್ಕೋರ್ ಅದು, 7 ಅಥವಾ ಮೇಲೆ ಹೋದ್ರೆ ತುರ್ತು ಅಂತ ಲೆಕ್ಕ. ನಮ್ಮ ಪೇಷೆಂಟಿಗೆ ಈಗ ಉಸಿರು 24 ಇದೆ ಅದಕ್ಕೆ 2, ಸ್ಯಾಚುರೇಶನ್ 94ಕ್ಕೆ 1, ಆಕ್ಸಿಜನ್ ಹಾಕಿರೋದಕ್ಕೇ 2, ಬಿಪಿ 98ಕ್ಕೆ 2, ಪಲ್ಸ್ 114ಕ್ಕೆ 2, ಜ್ವರ 38.2ಕ್ಕೆ 1, ಹೊಸದಾಗಿ ಶುರುವಾದ ಕನ್ಫ್ಯೂಶನ್‌ಗೆ 3, ಒಟ್ಟು 13. ರಾತ್ರಿ 10ಕ್ಕೆ ಇದೇ ಸ್ಕೋರ್ 1 ಇತ್ತು. "1ರಿಂದ 13" ಅನ್ನೋದಕ್ಕಿಂತ ಚಿಕ್ಕದಾಗಿ ಈ ರಾತ್ರಿಯ ಕಥೆ ಹೇಳೋಕಾಗಲ್ಲ.

ಆದ್ರೆ ಸ್ಕೋರ್ ಒಂದನ್ನೇ ನಂಬಿ ಕೂರಬೇಡಿ. ಅದಕ್ಕೆ ಮೆಟೊಪ್ರೊಲಾಲ್ ಗೊತ್ತಿಲ್ಲ, ಹೊಟ್ಟೆ ಮುಟ್ಟಿ ನೋಡೋಕೆ ಬರಲ್ಲ, ಯೂರಿನ್ ಲೆಕ್ಕ ಅದರೊಳಗೆ ಇಲ್ಲವೇ ಇಲ್ಲ. ಗಂಟೆಗೆ ಕೆಜಿಗೆ ಅರ್ಧ ಎಂಎಲ್ ಲೆಕ್ಕದಲ್ಲಿ ಇವರಿಗೆ ಗಂಟೆಗೆ 30 ಎಂಎಲ್ ಆದ್ರೂ ಬರ್ಬೇಕಿತ್ತು, ಮೂರು ಗಂಟೆಯಲ್ಲಿ ಬ್ಯಾಗಿಗೆ ಬಂದಿರೋದು ಒಟ್ಟು 40. ಹೊಟ್ಟೆ ಗಟ್ಟಿ ಇದೆ, ಮುಟ್ಟಿದ್ರೆ ನೋವು. ಇವನ್ನ ಪ್ರತ್ಯೇಕ ಬರೀಲೇಬೇಕು.

ಎಲ್ಲ ಸೇರಿದಾಗ ಮೆಸೇಜ್ ಹೀಗಿರತ್ತೆ:

"ಸರ್, ತುರ್ತು, ತಕ್ಷಣ ಬಂದು ನೋಡ್ಬೇಕು. ನಾನು ಸರ್ಜರಿ ವಾರ್ಡ್ ಡ್ಯೂಟಿ ಡಾಕ್ಟರ್.

ಸಿಚುಯೇಶನ್: ಬೆಡ್ 14, ಹೆಂಗಸು, 62 ವರ್ಷ. 2 ಗಂಟೆಯಿಂದ ಹೊಸ ಕನ್ಫ್ಯೂಶನ್. 10 ಗಂಟೆಯಿಂದ 2:30ರೊಳಗೆ ಬಿಪಿ 126/78ರಿಂದ 98/56, ಪಲ್ಸ್ 92ರಿಂದ 114, ಉಸಿರು 18ರಿಂದ 24. ಸ್ಯಾಚುರೇಶನ್ 2 ಲೀಟರ್ ಆಕ್ಸಿಜನ್ ಮೇಲೆ 94. ಜ್ವರ 38.2.

ಬ್ಯಾಕ್‌ಗ್ರೌಂಡ್: ದೊಡ್ಡಕರುಳಿನ ಒಂದು ಭಾಗ ತೆಗೆದು ಜೋಡಿಸಿ 4ನೇ ದಿನ. ಮೆಟೊಪ್ರೊಲಾಲ್ ಮೇಲಿದ್ದಾರೆ. ಪೆನಿಸಿಲಿನ್ ಅಲರ್ಜಿ. ಎನಾಕ್ಸಪಾರಿನ್ 40 ಎಂಜಿ ರಾತ್ರಿ 10ಕ್ಕೆ.

ಅಸೆಸ್‌ಮೆಂಟ್: ಸೆಪ್ಸಿಸ್, ಲೀಕ್ ಅನುಮಾನ. ನ್ಯೂಸ್-2 1ರಿಂದ 13. ಹೊಟ್ಟೆ ಗಟ್ಟಿ, ನೋವಿದೆ. ಯೂರಿನ್ ಕಳೆದ 3 ಗಂಟೆಯಲ್ಲಿ ಒಟ್ಟು 40 ಎಂಎಲ್. ಬ್ಲಡ್ ಕಲ್ಚರ್, ಲ್ಯಾಕ್ಟೇಟ್ ಕಳಿಸಿದ್ದೇನೆ, ರಿಪೋರ್ಟ್ ಬಂದಿಲ್ಲ. ಫ್ಲೂಯಿಡ್ 500 ಎಂಎಲ್ ಓಡ್ತಿದೆ.

ರೆಕಮೆಂಡೇಶನ್: 15 ನಿಮಿಷದೊಳಗೆ ಬೆಡ್ ಹತ್ರ ಬನ್ನಿ. ಅಲರ್ಜಿ ಇರೋದ್ರಿಂದ ಯಾವ ಆಂಟಿಬಯಾಟಿಕ್ ಶುರು ಮಾಡ್ಲಿ, ಈಗಲೇ ಹೇಳಿ. ಐಸಿಯು ಮತ್ತು ಓಟಿಗೆ ತಿಳಿಸ್ಲಾ? ಈಗಲೇ ಫೋನ್ ಮಾಡ್ತಿದ್ದೇನೆ."

ಗಮನಿಸಿ, ಲ್ಯಾಕ್ಟೇಟ್ ರಿಪೋರ್ಟ್ ಬರೋವರೆಗೂ ಕಾದಿಲ್ಲ. "ರಿಪೋರ್ಟ್ ಬರ್ಲಿ, ಆಮೇಲೆ ಹೇಳೋಣ, ಇಲ್ಲಾಂದ್ರೆ ಬೈತಾರೆ" ಅಂತ ಕಾದು ಒಂದೊಂದು ಗಂಟೆ ಕಳೆದಿರೋದನ್ನ ನಾನು ನೋಡಿದ್ದೇನೆ, ಸೆಪ್ಸಿಸ್‌ನಲ್ಲಿ ಆ ಒಂದು ಗಂಟೆ ತುಂಬ ದುಬಾರಿ. ಬಂದಿಲ್ಲ ಅಂತ ಬರೆದು ಕಳಿಸಿ, ಬಂದಮೇಲೆ ಇನ್ನೊಂದು ಸಾಲು ಕಳಿಸಿದ್ರಾಯ್ತು. ಹೆಸರು, ಫೋಟೋ ಹಾಕ್ಬೇಡಿ, ಆಸ್ಪತ್ರೆ ಒಪ್ಪಿರೋ ಆ್ಯಪ್‌ನಲ್ಲೇ ಕಳಿಸಿ, ಬೆಡ್ ನಂಬರ್ ಮತ್ತು ವಾರ್ಡ್ ಮೆಸೇಜಿಗೆ ಸಾಕು, ಪೂರ್ತಿ ಹೆಸರು ಮತ್ತು ಐಪಿ ನಂಬರ್ ಫೋನಲ್ಲಿ ಹೇಳಿ ಖಚಿತ ಮಾಡ್ಕೊಳಿ.

ಮೆಸೇಜ್ ಕಳಿಸಿದ ತಕ್ಷಣ ಫೋನ್ ಮಾಡಿ. ನೀಲಿ ಟಿಕ್ ಬಂತು ಅಂದ್ರೆ ಓದಿದ್ರು ಅಂತಾನೂ ಗ್ಯಾರಂಟಿ ಇಲ್ಲ, ಅರ್ಥ ಆಯ್ತು ಅಂತಂತೂ ಅಲ್ಲ. ಫೋನಲ್ಲಿ ಅದೇ ಮೆಸೇಜನ್ನ ಅದೇ ಕ್ರಮದಲ್ಲಿ ಓದಿ, ಒಂದು ನಿಮಿಷ ಸಾಕು, ಅವರು ಆರ್ಡರ್ ಹೇಳಿದ್ರೆ ತಿರುಗಿ ಹೇಳಿ: "ಸರ್, ಇಂಥ ಔಷಧಿ, ಇಷ್ಟು ಡೋಸ್, ಈಗಲೇ, ನೀವು 2:50ರೊಳಗೆ ಬರ್ತೀರಿ, ಸರೀನಾ?" ಅವರು ಹೌದು ಅನ್ನೋವರೆಗೂ ಇಡಬೇಡಿ. "ಸರಿ, ವಾಚ್ ಮಾಡಿ" ಅಂತ ಇಡೋಕೆ ಹೋದ್ರೆ ಇಷ್ಟು ಹೇಳಿ: "ಸರ್, ನನಗೆ ಭಯ ಆಗ್ತಿದೆ, ನೀವು ಬಂದು ನೋಡಿದ್ರೇನೇ ಒಳ್ಳೇದು. ಬರೋಕಾಗ್ದಿದ್ರೆ ಯಾರನ್ನ ಕರೀಲಿ?" ಭಯ ಆಗ್ತಿದೆ ಅಂತ ಹೇಳೋದರಲ್ಲಿ ನಾಚಿಕೆ ಬೇಡ, ಆ ಮಾತು ಕೇಳಿ ಎದ್ದು ಬಂದಿದ್ದು ನನಗೇ ಎಷ್ಟೋ ಸಲ ಆಗಿದೆ.

ಎತ್ತಲಿಲ್ಲ ಅಂದ್ರೆ ಇನ್ನೊಂದ್ಸಲ ಮಾಡಿ, ಆಗಲೂ ಎತ್ತದಿದ್ರೆ ಐದು ನಿಮಿಷಕ್ಕಿಂತ ಜಾಸ್ತಿ ಕಾಯ್ಬೇಡಿ, ಡ್ಯೂಟಿ ಲಿಸ್ಟಲ್ಲಿ ಮೇಲಿನ ಹೆಸರು ಯಾವುದಿದೆಯೋ ಅವರಿಗೆ ಅದೇ ಮೆಸೇಜ್ ಫಾರ್ವರ್ಡ್ ಮಾಡಿ ಫೋನ್ ಮಾಡಿ, ನಿಮ್ಮಲ್ಲಿ ರ‍್ಯಾಪಿಡ್ ರೆಸ್ಪಾನ್ಸ್ ಟೀಮ್ ಇದ್ರೆ 13 ಸ್ಕೋರಿಗೆ ಅವರನ್ನ ಕರೆಯೋಕೆ ಯಾರ ಅನುಮತಿಯೂ ಬೇಡ. ಅಷ್ಟರಲ್ಲಿ ಪೇಷೆಂಟ್ ಪಕ್ಕ ಯಾರಾದ್ರೂ ಒಬ್ರು ಇರ್ಲೇಬೇಕು, 15 ನಿಮಿಷಕ್ಕೊಮ್ಮೆ ಬಿಪಿ, ಪಲ್ಸ್, ಉಸಿರು. ಕೇಸ್ ಶೀಟಲ್ಲಿ ಟೈಮ್ ಸಮೇತ ಬರೀರಿ: 2:32ಕ್ಕೆ ಮೆಸೇಜ್, 2:33ಕ್ಕೆ ಫೋನ್, ಎತ್ತಿಲ್ಲ, 2:35ಕ್ಕೆ ಮತ್ತೆ ಫೋನ್, ಮಾತಾಡಿದ್ದು ಯಾರು, ಹೇಳಿದ್ದೇನು, 2:48ಕ್ಕೆ ಬೆಡ್ ಹತ್ರ ಬಂದ್ರು.